ನಿಮಗಿದು ಗೊತ್ತೇ? ಟ್ರಂಕಿನೊಳಗೆ ಸೀರೆ, ಕಂಬಳಿ, ಬೇವಿನ ಎಲೆ

ಚಳಿ ಮುಗಿದು ಸ್ವೆಟರು, ಶಾಲು, ಕಂಬಳಿ ಟ್ರಂಕು ಸೇರ್ತಾವೆ. ಮದುವೆ ಕಾಲ ಮುಗಿದರೆ ರೇಷ್ಮೆ ಸೀರೆಗಳ ಸರದಿ. ಗಂಗಾವತಿ ಹತ್ತಿರದ ಮರಳಿಯಿಂದ ಕುಷ್ಟಗಿ, ಯಲಬುರ್ಗಾವರೆಗೆ ಈ ಕೆಲಸ ನಡೆಯೋದು ಬೇವಿನ ಎಲೆ ಮತ್ತು ಹಳೇ ಧೋತರದ ತುಂಡಿನ ಜೊತೆಗೇ. ಆ ಮುಚ್ಚಿದ ಟ್ರಂಕಿನೊಳಗೆ ಏನೇನು ನಡೆಯುತ್ತೆ ಅಂತ ಕೇಳಿದರೆ ನೀವು ಬೆರಗಾಗ್ತೀರಿ!

ಟ್ರಂಕು ತೆರೆದ ಕೂಡಲೇ ಪುರ್ರಂತ ಹಾರುವ ಸಣ್ಣ ಗೋದಿಬಣ್ಣದ ಪತಂಗವನ್ನು ಚಪ್ಪಾಳೆ ತಟ್ಟಿ ಕೊಲ್ತೀರಲ್ಲ, ಅದು ನಿಮ್ಮ ಸ್ವೆಟರ್ ತಿಂದಿಲ್ಲ. ತಿನ್ನೋಕೆ ಅದಕ್ಕೆ ಬಾಯೇ ಸರಿಯಾಗಿಲ್ಲ! ದೊಡ್ಡದಾದ ಮೇಲೆ ಬಟ್ಟೆ ಪತಂಗ ಏನನ್ನೂ ತಿನ್ನೋದಿಲ್ಲ. ತಿಂದದ್ದೆಲ್ಲ ಅದರ ಮರಿ, ಅಂದ್ರೆ ನಾವು ನುಸಿ ಅನ್ನುವ ಬಿಳಿ ಹುಳು.

ಇನ್ನೊಂದು ಕೇಳಿ. ಹಾರಾಡುವುದು ಹೆಚ್ಚಾಗಿ ಗಂಡು. ಮೊಟ್ಟೆ ಇಡುವ ಹೆಣ್ಣು ಹಾರುವ ಗೋಜಿಗೆ ಹೋಗೋದೇ ಕಡಿಮೆ. ಕತ್ತಲಲ್ಲಿ ಬಟ್ಟೆಯ ಮಡಿಕೆಯೊಳಗೆ ಸರಸರ ಓಡಾಡ್ತಾ ಸುಮಾರು 40–50 ಮೊಟ್ಟೆ ಇಡುತ್ತೆ. ನೀವು ಗಂಡನ್ನು ಅಟ್ಟಿಸಿಕೊಂಡು ಓಡ್ತಾ ಇರ್ತೀರಿ, ಹೆಣ್ಣು ಕಂಬಳಿಯೊಳಗೇ ಇರುತ್ತೆ!

ಈ ಹುಳುವಿನ ಹೊಟ್ಟೆ ಅದ್ಭುತ. ಕೂದಲು, ಉಗುರು, ಕೊಂಬು, ಉಣ್ಣೆ ಎಲ್ಲ ಒಂದೇ ಬಗೆಯ ಗಟ್ಟಿ ಪದಾರ್ಥ. ಅದನ್ನು ಜೀರ್ಣಿಸಿಕೊಳ್ಳುವ ಪ್ರಾಣಿಗಳು ಲೋಕದಲ್ಲಿ ತೀರಾ ಕಡಿಮೆ. ಈ ಪುಟ್ಟ ಹುಳು ಅವುಗಳಲ್ಲಿ ಒಂದು. ಕುಡಿಯೋಕೆ ಹನಿ ನೀರೂ ಬೇಡ!

ಆದರೂ ಬರೀ ಉಣ್ಣೆ ಅದಕ್ಕೆ ಸಪ್ಪೆ. ಬೆವರು, ಎಣ್ಣೆ, ಚೆಲ್ಲಿದ ಸಾರಿನ ಕಲೆ ಇದ್ದರೆ ಅದಕ್ಕೆ ಬೇಕಾದ ಲವಣ, ಪೋಷಕಾಂಶ ಅಲ್ಲೇ ಸಿಗುತ್ತೆ. ಹಾಗಾಗಿ ಸ್ವೆಟರಿನ ತೂತು ನೋಡಿ: ಕೊರಳಪಟ್ಟಿ, ಕಂಕುಳು, ಮುಂಗೈ. ಬೆವರು ಎಲ್ಲಿತ್ತೋ ತೂತೂ ಅಲ್ಲೇ! ಒಮ್ಮೆಯೇ ಹಾಕಿಕೊಂಡದ್ದು, ಗಲೀಜಾಗಿಲ್ಲ ಅಂತ ಮಡಚಿ ಇಟ್ಟ ಶಾಲೇ ಮೊದಲು ಹೋಗೋದು ಇದಕ್ಕೇ. ಒಗೆದು, ಪೂರ್ತಿ ಒಣಗಿಸಿ ಇಟ್ಟರೆ ಅರ್ಧ ಕೆಲಸ ಮುಗಿದಂತೆ.

ಈಗ ಇಳಕಲ್ ಸೀರೆಗೆ ಬನ್ನಿ. ಇಳಕಲ್ ಇರೋದು ಬಾಗಲಕೋಟೆ ಜಿಲ್ಲೆಯಲ್ಲಿ. ಆದರೆ ಅದು ಕುಷ್ಟಗಿಗೆ ನೆರೆಯೂರು. ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಹನುಮಸಾಗರದ ಮಗ್ಗಗಳಲ್ಲೂ ಈ ಸೀರೆ ನೇಯ್ತಾರೆ. ಮಾಮೂಲಿ ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸ್ತಾರೆ. ಅಂದ್ರೆ ಒಂದೇ ಸೀರೆಯಲ್ಲಿ ಎರಡು ಬಟ್ಟೆ!

ಎರಡು ಬಟ್ಟೆ ಅಂದ್ಮೇಲೆ ಶತ್ರುವೂ ಎರಡು. ರೇಷ್ಮೆ ಸೆರಗಿನ ಮೇಲೆ ಉಣ್ಣೆ ತಿನ್ನುವ ದುಂಬಿಯ ಮರಿಗೆ ಕಣ್ಣು. ಎಳ್ಳುಕಾಳಿನಷ್ಟೇ ಇರುವ, ಮೈತುಂಬ ಚುಕ್ಕಿಯ ದುಂಬಿ ಅದು. ಹತ್ತಿಯ ಒಡಲಿಗೆ ಬರೋದು ಬೇರೆಯೇ ಒಂದು. ಪುಸ್ತಕದ ಕಪಾಟಿನಲ್ಲಿ ಮೀನಿನಂತೆ ಜಾರಿಹೋಗುವ ಬೆಳ್ಳಿ ಬಣ್ಣದ ಹುಳು. ಅದಕ್ಕೆ ಗಂಜಿ ಅಂದ್ರೆ ಪ್ರಾಣ! ಗಂಜಿ ಹಾಕಿ, ಇಸ್ತ್ರಿ ಹೊಡೆದು, ಗರಿಗರಿಯಾಗಿ ಮಡಚಿ ಆರು ತಿಂಗಳಿಗೆ ಇಟ್ಟಿರೋ, ಅದಕ್ಕೆ ಊಟಕ್ಕೆ ಎಲೆ ಹಾಕಿದಂತೆ! ಎತ್ತಿಡುವ ಮುಂಚೆ ಗಂಜಿ ಬಿಡಿಸಿ.

ಕಂಬಳಿಗೂ ಗಂಜಿ ಇರುತ್ತೆ ಗೊತ್ತೇ? ನೂಲು ಬಲವಾಗಲಿ ಅಂತ ಕುರುಬರು ಹುಣಸೆ ಬೀಜ ಬೇಯಿಸಿ ಅರೆದ ಗಂಜಿಯನ್ನು ಎಳೆಗೆ ಬಳಿದು ನೇಯ್ತಾರೆ. ಅಂದ್ರೆ ಹೊಸ ಕಂಬಳಿಯಲ್ಲಿ ಉಣ್ಣೆ ತಿನ್ನುವವಕ್ಕೂ ಊಟ, ಗಂಜಿ ತಿನ್ನುವವಕ್ಕೂ ಊಟ!

ಆ ಚುಕ್ಕಿ ದುಂಬಿ ಮನೆಗೆ ಹೇಗೆ ಬರುತ್ತೆ ಅಂತ ಊಹಿಸಿ. ಹೂವಿನ ಜೊತೆ! ದೊಡ್ಡದಾದ ದುಂಬಿ ತಿನ್ನೋದು ಹೂವಿನ ಪರಾಗ. ಬಟ್ಟೆ ತಿನ್ನೋದು ಅದರ ರೋಮಭರಿತ ಕಂದು ಮರಿ. ಕಿಟಕಿಯ ಅಂಚಿನಲ್ಲಿ ಇಂಥ ಸಣ್ಣ ದುಂಬಿ ಸತ್ತು ಬಿದ್ದಿದ್ದರೆ ಒಮ್ಮೆ ಟ್ರಂಕು ತೆರೆದು ನೋಡಿ.

ಬೇವಿನ ಕಥೆಯಂತೂ ರೋಚಕ. 1959ರಲ್ಲಿ ಸುಡಾನಿಗೆ ಮಿಡತೆ ಹಿಂಡು ನುಗ್ಗಿತು. ಹಸಿರೆಲ್ಲ ಬೋಳಾಯಿತು. ನಡುವೆ ಬೇವಿನ ಮರಗಳು ಮಾತ್ರ ಹಾಗೇ ನಿಂತಿದ್ದವು! ಜರ್ಮನಿಯ ಕೀಟತಜ್ಞ ಹೈನ್ರಿಶ್ ಶ್ಮುಟರರ್ ಇದನ್ನು ಕಣ್ಣಾರೆ ಕಂಡರು. ಮಿಡತೆಯ ಬಾಯಿ ಕಟ್ಟಿಸುವ ಆ ಪದಾರ್ಥವನ್ನು 1968ರಲ್ಲಿ ಬೇರೆ ವಿಜ್ಞಾನಿಗಳು ಬೇವಿನ ಬೀಜದಿಂದ ಬೇರ್ಪಡಿಸಿದರು. ಹೆಸರು ಅಜಾಡಿರಾಕ್ಟಿನ್. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸೋಕೆ ಕೇಂಬ್ರಿಡ್ಜಿನ ವಿಜ್ಞಾನಿಗಳಿಗೆ ಹಿಡಿದದ್ದು 22 ವರ್ಷ! ಕೊನೆಗೆ ಸಾಧ್ಯವಾದದ್ದು 2007ರಲ್ಲಿ. ಮರಳಿಯ ಬೇವಿನ ಮರ ಅದನ್ನು ಪ್ರತಿವರ್ಷ ತಾನೇ ಮಾಡಿಕೊಳ್ಳುತ್ತೆ.

ಆದರೆ ಒಂದು ಮಾತು ನೆನಪಿಡಿ. ಆ ಪದಾರ್ಥ ಹೆಚ್ಚಾಗಿರೋದು ಬೀಜದಲ್ಲಿ, ಎಲೆಯಲ್ಲಿ ಕಡಿಮೆ. ಅದು ವಾಸನೆಯಾಗಿ ಗಾಳಿಯಲ್ಲಿ ಹರಡೋದೂ ಇಲ್ಲ. ಹುಳು ಅದನ್ನು ತಿಂದರೆ ಬಾಯಿ ಕಟ್ಟುತ್ತೆ, ಬೆಳವಣಿಗೆ ಕೆಡುತ್ತೆ. ಹಾಗಾಗಿ ಎಲೆಯ ಚೀಲ ಬರುವವರನ್ನು ಒಂದಿಷ್ಟು ದೂರ ಇಡಬಹುದು, ಒಳಗೆ ಆಗಲೇ ಸೇರಿಕೊಂಡ ಹುಳುವನ್ನು ಕೊಲ್ಲೋದಿಲ್ಲ. ಹಾಗಾದರೆ ಬೀಜವನ್ನೇ ಹಾಕೋಣ ಅಂತೀರಾ? ಬೇಡ! ಬೀಜದ ಎಣ್ಣೆ ಸೀರೆಗೆ ಇಳಿದರೆ ಆ ಕಲೆ ಹೋಗೋದು ಬಲು ಕಷ್ಟ.

ಎಲೆ ಒಣಗಿಸೋದರಲ್ಲೂ ಗುಟ್ಟಿದೆ. ಬೇವಿನ ಸತ್ವ ಬಿಸಿಲಿಗೆ ಬೇಗ ಒಡೆದುಹೋಗುತ್ತೆ, ಆದ್ದರಿಂದ ನೆರಳಲ್ಲೇ ಒಣಗಿಸಬೇಕು. ನಾಲ್ಕೈದು ದಿನ ಬಿಟ್ಟು ಒಂದು ಎಲೆ ಮುರಿದು ನೋಡಿ. ಚಟ್ ಅಂತ ಮುರಿದರೆ ಆಯ್ತು. ಬಾಗಿದರೆ ಇನ್ನೂ ಹಸಿ ಇದೆ. ಹಸಿ ಎಲೆಯನ್ನು ಟ್ರಂಕಿಗೆ ಹಾಕಿದರೆ ಒಳಗೆ ತೇವ ಕೂತು ಬೂಸಲು ಬರುತ್ತೆ, ರೇಷ್ಮೆಗೆ ಹಸಿರು ಕಲೆ ಬೀಳುತ್ತೆ. ಒಂದು ಹಿಡಿ ಒಣ ಎಲೆಯನ್ನು ಸಣ್ಣ ಮಸ್ಲಿನ್ ಬಟ್ಟೆಯಲ್ಲಿ ಗಂಟು ಕಟ್ಟಿ ಮೂಲೆಗಳಲ್ಲಿಡಿ, ಸೀರೆಗೆ ತಾಗಬಾರದು. ಎರಡು ಮೂರು ತಿಂಗಳಿಗೊಮ್ಮೆ ಬದಲಿಸಿ.

ಆ ಗಂಟು ಕಟ್ಟುವ ಮಸ್ಲಿನ್ ಬಟ್ಟೆಯ ಹೆಸರಿನೊಳಗೆ ಒಂದು ಊರಿದೆ. ಇರಾಕಿನ ಮೋಸುಲ್! ನಮ್ಮಲ್ಲಿ ಅದೇ ಮಲ್‌ಮಲ್.

ಸೀರೆಗೆ ಮಲ್‌ಮಲ್ ಸುತ್ತಿದರೆ ನುಸಿ ಬರೋದಿಲ್ಲ ಅಂತ ಅಂದುಕೊಂಡಿದ್ದರೆ, ಆಗ ತಾನೇ ಮೊಟ್ಟೆಯೊಡೆದ ಮರಿ ಎಷ್ಟು ಸಣ್ಣ ಅಂತ ನೋಡಿ. 0.1 ಮಿಲಿಮೀಟರ್ ಸಂದಿಯಲ್ಲೂ ನುಸುಳಬಲ್ಲದು! ಮತ್ತೆ ಮಲ್‌ಮಲ್ ಯಾಕೆ? ಅದು ಗಾಳಿಯಾಡಲು ಬಿಡುತ್ತೆ, ಧೂಳು ತಡೆಯುತ್ತೆ, ಜರಿಗೆ ಇನ್ನೊಂದು ಸೀರೆ ಉಜ್ಜದಂತೆ ಕಾಯುತ್ತೆ. ಪ್ಲಾಸ್ಟಿಕ್ ಚೀಲದಲ್ಲಿ ಒಳಗಿನ ತೇವ ಅಲ್ಲೇ ಕೂತುಬಿಡುತ್ತೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಸುತ್ತಲೂ ಭತ್ತದ ಗದ್ದೆ ಇರುವ ಗಂಗಾವತಿ ಕಡೆ ಈ ತೇವದ ಭಯ ಹೆಚ್ಚು, ಒಣ ಹೊಲಗಳ ಯಲಬುರ್ಗಾದಲ್ಲಿ ಕಡಿಮೆ. ಹೊಸ ಮಲ್‌ಮಲ್ ತಂದರೆ ಎರಡು ಸಲ ಒಗೆದು ಗಂಜಿ ತೆಗೆಯಿರಿ. ಹತ್ತಾರು ಸಲ ಒಗೆದು ಮೆತ್ತಗಾದ ಹಳೇ ಧೋತರ ಇದ್ದರಂತೂ ಕೊಳ್ಳುವ ಮಾತೇ ಬೇಡ!

ಈಗ ನನಗೆ ಎಲ್ಲಕ್ಕಿಂತ ಬೆರಗು ತಂದ ಸಂಗತಿ. ಕಂಬಳಿ ಮತ್ತು ಜರಿ ಸೀರೆಯನ್ನು ಒಂದೇ ಟ್ರಂಕಿನಲ್ಲಿ ಇಡಬಾರದು, ಹುಳು ಒಂದೂ ಇಲ್ಲದಿದ್ದರೂ! ಉಣ್ಣೆಯಲ್ಲಿ ಗಂಧಕವಿದೆ. ಕೂದಲು ಸುಟ್ಟಾಗ ಬರುವ ಆ ಘಾಟಿನಲ್ಲಿ ಅದೂ ಇರುತ್ತೆ. ಉಣ್ಣೆ ಸುಮ್ಮನಿದ್ದರೂ ಅದರಿಂದ ಗಂಧಕದ ಆವಿ ತೀರಾ ಸ್ವಲ್ಪ ಸ್ವಲ್ಪವೇ ಹೊರಬರುತ್ತೆ. ಅಪ್ಪಟ ಜರಿಯಲ್ಲಿ ಬೆಳ್ಳಿ ಇರುತ್ತಲ್ಲ, ಗಂಧಕ ತಾಗಿದ ಬೆಳ್ಳಿ ಕಪ್ಪಾಗುತ್ತೆ. ವಸ್ತುಸಂಗ್ರಹಾಲಯದವರು ಬೆಳ್ಳಿ ಸಾಮಾನಿನ ಪಕ್ಕ ಉಣ್ಣೆ ಬಟ್ಟೆ ಇಡದಿರೋದೂ ಇದಕ್ಕೇ! ಕಂಬಳಿಗೆ ಒಂದು ಟ್ರಂಕು, ಸೀರೆಗೆ ಇನ್ನೊಂದು.

ಹುಳು ದೂರ ಇಡೋಕೆ ಬೇವೊಂದೇ ಅಲ್ಲ. ಮಕ್ಕಳಿಗೆ ತೇಯ್ದು ಕೊಡುವ ಬಜೆ ಬೇರು ಗೊತ್ತಲ್ಲ? ತಂಜಾವೂರಿನ ಸರಸ್ವತಿ ಮಹಲ್ ಗ್ರಂಥಾಲಯದಲ್ಲಿ ಬಜೆ, ಲವಂಗ, ಮೆಣಸು, ದಾಲ್ಚಿನ್ನಿಯ ಪುಡಿಗೆ ಕರ್ಪೂರ ಬೆರೆಸಿ ಗಂಟು ಕಟ್ಟಿ ತಾಳೆಗರಿಗಳ ಜೊತೆ ಇಡುತ್ತಿದ್ದರು. ಕಾಶ್ಮೀರದ ಶಾಲುಗಳು ಯುರೋಪಿಗೆ ಹಡಗು ಹತ್ತುವಾಗ ಮಡಿಕೆಗಳ ನಡುವೆ ಪಚೋಲಿ ಎಲೆ ಇರುತ್ತಿತ್ತು. ಕೊನೆಗೆ ಅಲ್ಲಿನ ಕೊಳ್ಳುವವರು ಆ ವಾಸನೆ ಇದ್ದರಷ್ಟೇ ಶಾಲು ಅಸಲಿ ಅನ್ನತೊಡಗಿದರು. ನಕಲಿ ಶಾಲು ನೇಯುವವರು ಪಚೋಲಿಯನ್ನೇ ತರಿಸಿಕೊಂಡರು!

ಡಾಂಬರು ಗುಳಿಗೆ ಮಾತ್ರ ಎಳೆಗೂಸಿರುವ ಮನೆಗೆ ಬೇಡ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆ ಇರುತ್ತೆ. ಅಂಥ ಕೂಸಿಗೆ ಆ ಗುಳಿಗೆಯ ಜೊತೆಗಿಟ್ಟ ಬಟ್ಟೆ ತೊಡಿಸಿದರೆ ರಕ್ತಕಣಗಳು ಒಡೆಯಬಹುದು.

ಕೊಪ್ಪಳದ ಬೇಸಿಗೆಯ ಕೆಂಡದಂಥ ಬಿಸಿಲು ಉಣ್ಣೆಗೆ ಒಳ್ಳೆಯದೇ. ನುಸಿಗೆ ಬೆಳಕು ಕಂಡರೆ ಆಗೋದಿಲ್ಲ, 50 ಡಿಗ್ರಿ ದಾಟಿದ ಬಿಸಿ ಕೆಲವು ತಾಸು ತಾಗಿದರೆ ಮೊಟ್ಟೆಯೂ ಉಳಿಯೋದಿಲ್ಲ. ಮಧ್ಯಾಹ್ನ ಕಂಬಳಿಯನ್ನು ಕಾದ ಬಂಡೆ ಮೇಲೆ ಹಾಸಿ, ಎರಡೂ ಮಗ್ಗುಲು ಕಾಯಿಸಿ, ಹೊಲಿಗೆಗಳನ್ನೆಲ್ಲ ಬ್ರಷ್‌ನಿಂದ ಜಾಡಿಸಿ, ತಣ್ಣಗಾದ ಮೇಲೆ ಮಡಚಿ. ರೇಷ್ಮೆಗೆ ಇದೇ ಬಿಸಿಲು ವೈರಿ: ಬಣ್ಣ ಮಾಸುತ್ತೆ, ಎಳೆ ಜೀರ್ಣವಾಗುತ್ತೆ. ಸೀರೆಗೆ ನೆರಳಿನ ಗಾಳಿ ಸಾಕು. ಎರಡು ಮೂರು ತಿಂಗಳಿಗೊಮ್ಮೆ ಮಡಿಕೆಯ ಗೆರೆ ಬೇರೆ ಕಡೆ ಬರುವಂತೆ ಮಡಚಿ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಇದ್ದರೆ ಸೀರೆ ಅಲ್ಲೇ ಸೀಳೋದು!

ಹಾಗೆ ತೆರೆದಾಗ ಒಂದು ಪತ್ತೆದಾರಿ ಕೆಲಸವಿದೆ. ಟ್ರಂಕಿನ ತಳಕ್ಕೆ ಮೊದಲೇ ಬಿಳಿ ಬಟ್ಟೆ ಹಾಸಿರಿ. ಅದರ ಮೇಲೆ ಮರಳಿನಂಥ ಸಣ್ಣ ಕಾಳು ಉದುರಿದ್ದರೆ ಅದು ನುಸಿಯ ಹಿಕ್ಕೆ. ಕಂದು ರೋಮದ ಪೊರೆ ಬಿದ್ದಿದ್ದರೆ ಬಂದದ್ದು ಚುಕ್ಕಿ ದುಂಬಿಯ ಮರಿ. ಇನ್ನು ಯಾವ ಬಟ್ಟೆಗೆ ನುಸಿ ಹತ್ತಿದೆ ಅಂತ ಒಂದೊಂದನ್ನೇ ಬಿಚ್ಚಿ ಹುಡುಕೋ ಮೊದಲು ಆ ಕಾಳಿನ ಬಣ್ಣ ನೋಡಿ. ಉಣ್ಣೆ ಜೀರ್ಣವಾದರೂ ಅದಕ್ಕೆ ಹಾಕಿದ ಬಣ್ಣ ಹುಳುವಿನ ಹೊಟ್ಟೆಯಲ್ಲಿ ಕರಗೋದಿಲ್ಲ. ಕೆಂಪು ಸ್ವೆಟರ್ ತಿಂದ ಹುಳುವಿನ ಹಿಕ್ಕೆ ಕೆಂಪು, ನೀಲಿ ಶಾಲು ತಿಂದದ್ದರ ಹಿಕ್ಕೆ ನೀಲಿ!