ಬಾಲ್ಕನಿಯ ಬಿಸಿಲನ್ನು ಮಾದರಿಯಲ್ಲಿ ಅಳೆಯುವ ಬಗೆ

ಕಟ್ಟಡವನ್ನೂ ಅದರ ಸುತ್ತಲಿನ ಕಟ್ಟಡಗಳನ್ನೂ ಕಂಪ್ಯೂಟರಿನಲ್ಲಿ ಅಳತೆಗೆ ಸರಿಯಾಗಿ ರಚಿಸಿ, ವರ್ಷದ ಬೇರೆ ಬೇರೆ ದಿನಗಳ ಸೂರ್ಯನನ್ನು ಅವುಗಳ ಮೇಲೆ ಹಾಯಿಸಿ ನೋಡುವುದೇ ನೆರಳಿನ ಅಧ್ಯಯನ. ಬಾಲ್ಕನಿಯೊಂದಕ್ಕೆ ಬಿಸಿಲು ಎಷ್ಟು ಬೀಳುತ್ತದೆ ಎಂದು ತಿಳಿಯಲು ಮಾದರಿ ಚೆಂದವಾಗಿರಬೇಕಿಲ್ಲ. ಬಾಲ್ಕನಿಯ ಆಳ, ತಲೆಯ ಮೇಲಿನ ಸ್ಲ್ಯಾಬು, ಎದುರು ಕಟ್ಟಡದ ಎತ್ತರ, ನಡುವಿನ ಅಂತರ ಇಷ್ಟು ಸರಿಯಿದ್ದರೆ ಸಾಕು. ಎದುರಿನ ಸೈಟು ಖಾಲಿಯಿದ್ದರೆ, ನಿಯಮದಂತೆ ಅಲ್ಲಿ ಎಷ್ಟು ಎತ್ತರ ಕಟ್ಟಬಹುದೋ ಅಷ್ಟು ಎತ್ತರದ ಪೆಟ್ಟಿಗೆಯೊಂದನ್ನು ನಿಲ್ಲಿಸುವುದು ಒಳ್ಳೆಯದು. ಇಲ್ಲವಾದರೆ ಇಂದಿನ ಬಿಸಿಲನ್ನೇ ಎಂದಿನದೆಂದು ನಂಬಿದಂತಾಗುತ್ತದೆ.

ತಪ್ಪು ಹೆಚ್ಚಾಗಿ ನುಸುಳುವುದು ಮಾದರಿಯಲ್ಲಲ್ಲ, ಸ್ಥಳ ಮತ್ತು ಸಮಯದಲ್ಲಿ. ಸ್ಕೆಚ್‌ಅಪ್‌ನಂಥ ತಂತ್ರಾಂಶಕ್ಕೆ ಊರನ್ನು ತಿಳಿಸದಿದ್ದರೆ ಅದು ಬೇರಾವುದೋ ಅಕ್ಷಾಂಶದ ನೆರಳನ್ನು ತೋರಿಸುತ್ತದೆ. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ ಉತ್ತರ. ಸಮಯ ವಲಯ `UTC+05:30` ಆಗಿರಬೇಕು. ಅದು `UTC+05:00` ಎಂದಿದ್ದರೆ ನೆರಳುಗಳೆಲ್ಲ ಅರ್ಧ ಗಂಟೆ ಸರಿದಿರುತ್ತವೆ. ನಕ್ಷೆಯ ಮೇಲ್ಬದಿಯೇ ಉತ್ತರ ಎಂದುಕೊಳ್ಳುವುದೂ ಆಗಾಗ ಆಗುವ ತಪ್ಪು. ಇವನ್ನೆಲ್ಲ ಒಂದೇ ಪರೀಕ್ಷೆಯಲ್ಲಿ ಹಿಡಿಯಬಹುದು. ಬಯಲಿನಲ್ಲಿ 10 ಮೀಟರ್ ಎತ್ತರದ ಕಂಬ ನೆಟ್ಟು ಡಿಸೆಂಬರ್ 21ರ ನೆರಳನ್ನು ನೋಡಬೇಕು. ಬೆಂಗಳೂರಿನಲ್ಲಿ ಆ ದಿನ ಸೂರ್ಯ ನಡುನೆತ್ತಿಯ ರೇಖೆಯನ್ನು ದಾಟುವುದು ಗಡಿಯಾರದ 12 ಗಂಟೆಗಲ್ಲ, ಸುಮಾರು 12:18ಕ್ಕೆ. ಏಕೆಂದರೆ ಭಾರತದ ಸಮಯವನ್ನು ಗೊತ್ತುಮಾಡಿರುವ 82.5 ಡಿಗ್ರಿ ರೇಖಾಂಶಕ್ಕಿಂತ ಬೆಂಗಳೂರು ಪಶ್ಚಿಮದಲ್ಲಿದೆ. ಆ ಹೊತ್ತಿಗೆ ಕಂಬದ ನೆರಳು ನೇರ ಉತ್ತರಕ್ಕೆ ಬಿದ್ದು ಸುಮಾರು 7.4 ಮೀಟರ್ ಉದ್ದವಿರಬೇಕು. ಉದ್ದ ತಪ್ಪಿದರೆ ಊರು ಅಥವಾ ದಿನಾಂಕ ತಪ್ಪಿದೆ, ದಿಕ್ಕು ತಪ್ಪಿದರೆ ಸಮಯ ಅಥವಾ ಉತ್ತರ ತಪ್ಪಿದೆ.

ಈಗ ಬೆಂಗಳೂರಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿಯೊಂದನ್ನು ತೆಗೆದುಕೊಳ್ಳಬಹುದು. ಅದರ ಆಳ ಒಂದೂವರೆ ಮೀಟರ್, ನೆಲದಿಂದ ಮೇಲಿನ ಸ್ಲ್ಯಾಬಿಗೆ 2.9 ಮೀಟರ್, ಅಂಚಿಗೆ ಕಂಬಿಗಳು. ಬಾಲ್ಕನಿಯ ಅಂಚಿನಿಂದ 6 ಮೀಟರ್ ಆಚೆಗೆ 15 ಮೀಟರ್ ಎತ್ತರದ ಉದ್ದನೆಯ ಕಟ್ಟಡವಿದೆ. ಇಂಥದೇ ಬಾಲ್ಕನಿ ನೆಲದಿಂದ 3 ಮೀಟರ್ ಮೇಲಿನ ಮೊದಲ ಮಹಡಿಯಲ್ಲೂ 9 ಮೀಟರ್ ಮೇಲಿನ ಮೂರನೆಯ ಮಹಡಿಯಲ್ಲೂ ಇದೆ.

ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿ 53.6 ಡಿಗ್ರಿ ಎತ್ತರದಲ್ಲಿರುತ್ತಾನೆ. ಮೊದಲ ಮಹಡಿಯ ಅಂಚಿನಿಂದ ನೋಡಿದರೆ ಎದುರು ಕಟ್ಟಡದ ತುದಿ 63 ಡಿಗ್ರಿ ಮೇಲಿದೆ. ಹಾಗಾಗಿ ಆ ಬಾಲ್ಕನಿಯ ನೆಲಕ್ಕೆ ದಿನವಿಡೀ ಬಿಸಿಲಿಲ್ಲ. ಮೂರನೆಯ ಮಹಡಿಯಿಂದ ಅದೇ ತುದಿ 45 ಡಿಗ್ರಿಯಲ್ಲಿದೆ. ಅಲ್ಲಿ ಬೆಳಿಗ್ಗೆ ಒಂಬತ್ತೂಕಾಲರ ಹೊತ್ತಿಗೆ ಅಂಚಿಗೆ ಬಿಸಿಲು ತಾಗಿ, ಮಧ್ಯಾಹ್ನ ಇಡೀ ನೆಲವನ್ನು ತುಂಬಿ ಹಿಂದಿನ ಗೋಡೆಗೂ ಏರಿ, ಮೂರೂಕಾಲರ ನಂತರ ಹೋಗುತ್ತದೆ.

ಮಾರ್ಚ್ 21ರ ಚಿತ್ರ ಇದಕ್ಕಿಂತ ಸ್ವಾರಸ್ಯದ್ದು. ಆ ದಿನ ಸೂರ್ಯ ನೇರ ಪೂರ್ವದಲ್ಲಿ ಹುಟ್ಟಿ ನೇರ ಪಶ್ಚಿಮದಲ್ಲಿ ಮುಳುಗುವುದರಿಂದ, ದಕ್ಷಿಣದ ಗೋಡೆಯನ್ನು ಪಕ್ಕದಿಂದ ನೋಡಿದಾಗ ಕಿರಣದ ಇಳಿಜಾರು ಬೆಳಿಗ್ಗೆಯಿಂದ ಸಂಜೆವರೆಗೆ 77 ಡಿಗ್ರಿಯಲ್ಲೇ ಇರುತ್ತದೆ. ಎದುರು ಕಟ್ಟಡ ಎರಡು ಮಹಡಿಗಳಿಗೂ ಅಡ್ಡವಾಗುವುದಿಲ್ಲ. ಆದರೆ ಈಗ ತಡೆಯುವುದು ತಲೆಯ ಮೇಲಿನ ಸ್ಲ್ಯಾಬು. ಅಂಚಿನಿಂದ ಒಳಗೆ 67 ಸೆಂಟಿಮೀಟರಿನ ಪಟ್ಟಿಗಷ್ಟೇ ಬಿಸಿಲು. ತುಳಸಿ ಕುಂಡ ಇಡಬೇಕಾದದ್ದು ಆ ಪಟ್ಟಿಯಲ್ಲಿ. ಏಪ್ರಿಲ್ 24ರ ಸುಮಾರಿಗೆ, ಬೆಂಗಳೂರಿನ ಶೂನ್ಯ ನೆರಳಿನ ದಿನ, ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು ಆಮೇಲೆ ಉತ್ತರಕ್ಕೆ ಸರಿಯುತ್ತಾನೆ. ಜೂನ್ 21ರಂದು ಅವನು ಹುಟ್ಟಿನಿಂದ ಮುಳುಗುವವರೆಗೂ ಉತ್ತರದಲ್ಲೇ ಇರುವುದರಿಂದ ದಕ್ಷಿಣದ ಬಾಲ್ಕನಿಗೆ ಒಂದು ಗಳಿಗೆಯೂ ನೇರ ಬಿಸಿಲಿಲ್ಲ. ಯುರೋಪಿನ ಪುಸ್ತಕ ಓದಿ ದಕ್ಷಿಣವೆಂದರೆ ವರ್ಷಪೂರ್ತಿ ಬಿಸಿಲು ಎಂದುಕೊಂಡವರು ಎಡವುವುದು ಇಲ್ಲೇ.

ನೆರಳಿನ ಚಿತ್ರ ನೇರ ಬಿಸಿಲನ್ನಷ್ಟೇ ತೋರಿಸುತ್ತದೆ, ಬೆಳಕನ್ನಲ್ಲ. ಪರದೆಯ ಮೇಲೆ ಎರಡು ಬಾಲ್ಕನಿಗಳೂ ಜೂನ್‌ನಲ್ಲಿ ಒಂದೇ ಬೂದು ಬಣ್ಣದಲ್ಲಿ ಕಂಡರೂ ಅವುಗಳ ಬೆಳಕು ಒಂದೇ ಅಲ್ಲ. ಮೋಡದ ದಿನ ಬೆಳಕು ಬರುವುದು ಕಾಣುವ ಆಕಾಶದಿಂದ. ಬಾಲ್ಕನಿಯ ನಡುವೆ ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ. ಮಾದರಿಯಲ್ಲಿ ಅಲ್ಲಿಂದ ಎದುರು ಕಟ್ಟಡದ ತುದಿಗೆ ಒಂದು ಗೆರೆ, ತಲೆಯ ಮೇಲಿನ ಸ್ಲ್ಯಾಬಿನ ಅಂಚಿಗೆ ಇನ್ನೊಂದು ಗೆರೆ ಎಳೆಯಬೇಕು. ಅವುಗಳ ನಡುವಿನ ಕೋನವೇ ಎದುರಿಗೆ ಕಾಣುವ ಆಕಾಶ. ಮೊದಲ ಮಹಡಿಯಲ್ಲಿ ಅದು 8 ಡಿಗ್ರಿ, ಮೂರನೆಯದರಲ್ಲಿ ಸುಮಾರು 31 ಡಿಗ್ರಿ. ಕೆಳಗಿನ ಬಾಲ್ಕನಿಯಲ್ಲಿ ಹಗಲಲ್ಲೂ ಓದಲು ದೀಪ ಬೇಕಾಗಬಹುದೆಂಬ ಅನುಮಾನ ಹುಟ್ಟುವುದು ಈ ಎರಡು ಗೆರೆಗಳಿಂದಲೇ ಹೊರತು ನೆರಳಿನ ಚಿತ್ರದಿಂದಲ್ಲ. ಅಲ್ಲಿ ಎದುರು ಗೋಡೆಗೆ ತಿಳಿ ಬಣ್ಣ ಬಳಿದಿದ್ದರೆ ಅದರಿಂದ ಹಿಮ್ಮರಳುವ ಬೆಳಕು ಒಂದಿಷ್ಟು ಕೊರತೆ ತುಂಬುತ್ತದೆ. ಅದನ್ನು ಲೆಕ್ಕ ಹಾಕಲು ರೇಡಿಯನ್ಸ್‌ನಂಥ ಬೆಳಕಿನ ತಂತ್ರಾಂಶಕ್ಕೆ ಗೋಡೆಯ ಬಣ್ಣವನ್ನೂ ತಿಳಿಸಬೇಕಾಗುತ್ತದೆ.