ಬಾಕಿ ಉಳಿದ ಗ್ರೇಡಿನ ಲೆಕ್ಕ

ಐದನೆಯ ಸೆಮಿಸ್ಟರಿನ ಅಂಕಪಟ್ಟಿ ತುರುವನೂರಿನ ನಮ್ಮ ಮನೆಗೆ ಬಂದ ದಿನ ನಮ್ಮ ತಂದೆಯವರು, "ನೀನು ಅಂದುಕೊಂಡಷ್ಟು ಆಗೋಕೆ ಇನ್ನೆಷ್ಟು ಬೇಕಪ್ಪಾ?" ಎಂದು ಕೇಳಿದರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. 120 ಕ್ರೆಡಿಟ್‌ಗಳಿಗೆ ನನ್ನ ಸಿಜಿಪಿಎ 6.35; ಎಂ.ಎ.ಗೆ ಅರ್ಜಿ ಹಾಕುವ ಹೊತ್ತಿಗೆ 6.50 ಆಗಬೇಕೆಂಬುದು ನನ್ನ ಆಸೆ. "0.15 ತಾನೆ ಕಡಿಮೆ? ಮುಂದಿನ ಸಲ 6.65 ತೆಗೆದರೆ ಸಾಕು" ಎಂದುಬಿಟ್ಟೆ. ಹಾಗೆ ತೆಗೆದರೆ ಒಟ್ಟು 6.40ಕ್ಕೆ ನಿಲ್ಲುತ್ತದೆಂದು ರಾತ್ರಿ ಕಾಗದ ಹಿಡಿದು ಕುಳಿತಾಗ ತಿಳಿಯಿತು.

ಕಾರಣವಿಷ್ಟೇ. ಪ್ರತಿ ಪತ್ರಿಕೆಯ ಕ್ರೆಡಿಟನ್ನು ಅದರ ಗ್ರೇಡ್ ಅಂಕದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಸಿಜಿಪಿಎ ಬರುತ್ತದೆ. ಆದುದರಿಂದ 0.15 ಎಂಬ ಕೊರತೆ ಒಂದು ಕ್ರೆಡಿಟ್ಟಿನದು. ಅಂಥವು 120 ಇರುವಾಗ ಬಾಕಿ 18 ಅಂಕ. ಆ ಸಾಲವನ್ನು ಉಳಿದ 24 ಕ್ರೆಡಿಟ್‌ಗಳೇ ತೀರಿಸಬೇಕು. ತಲೆಗೆ 0.75 ಬಿತ್ತು, ಗುರಿಯಾದ 6.50ಕ್ಕೆ ಅದನ್ನು ಸೇರಿಸಿದರೆ ಕೊನೆಯ ಸೆಮಿಸ್ಟರಿನಲ್ಲಿ 7.25 ಬೇಕು. ಸಾಲದ ಮಾತಾಗಿ ಹೇಳಿದ್ದರಿಂದ ತಂದೆಯವರಿಗೆ ನನಗಿಂತ ಬೇಗ ಅರ್ಥವಾಯಿತು!

ಇಲ್ಲಿ ಇನ್ನೊಂದು ತೊಡಕಿದೆ. ಯುಜಿಸಿಯ ಹತ್ತು ಅಂಶಗಳ ಮಾದರಿಯಲ್ಲಿ ಬಿ ಪ್ಲಸ್ಸಿಗೆ 7, ಎ ದರ್ಜೆಗೆ 8, ನಡುವೆ 7.25 ಎಂಬುದಿಲ್ಲ. ನನಗೆ ಉಳಿದಿರುವುದು ಐದು ಕ್ರೆಡಿಟ್ಟಿನ ಮೂರು ಪತ್ರಿಕೆಗಳು, ಮೂರು ಕ್ರೆಡಿಟ್ಟಿನ ಮೂರು. ಎಲ್ಲದರಲ್ಲಿಯೂ 7 ಬಂದರೆ 168 ಅಂಕ, ಬೇಕಾದದ್ದು 174. ಒಂದು ದೊಡ್ಡ ಪತ್ರಿಕೆಯಲ್ಲಿ 8 ತೆಗೆದರೆ 173, ಸಿಜಿಪಿಎ 6.49! ಒಂದೇ ಅಂಕಕ್ಕೆ ಗುರಿ ತಪ್ಪುತ್ತದೆ. ಅದರ ಬದಲು ಚಿಕ್ಕ ಪತ್ರಿಕೆಗಳೆರಡರಲ್ಲಿ 8 ಬಂದರೆ ಸರಿಯಾಗಿ 174. ದೊಡ್ಡ ಪತ್ರಿಕೆಯನ್ನೇ ನೆಚ್ಚಿ ಚಿಕ್ಕವನ್ನು ಕಡೆಗಣಿಸುವ ನಮ್ಮ ರೂಢಿ ಇಲ್ಲಿ ಕೈಕೊಡುತ್ತದೆ. ಕೆಲವು ವಿಶ್ವವಿದ್ಯಾನಿಲಯಗಳು ಗ್ರೇಡ್ ಅಂಕವನ್ನು ದಶಮಾಂಶದಲ್ಲಿಯೇ ಕೊಡುತ್ತವೆ. ಅಲ್ಲಿ ಈ ತೊಡಕಿಲ್ಲ. ತಮ್ಮ ನಿಯಮಾವಳಿಯನ್ನು ಮೊದಲು ನೋಡಿಕೊಳ್ಳತಕ್ಕದ್ದು.

ಗೆಳೆಯನೊಬ್ಬ, "ಏಳಕ್ಕೇ ಗುರಿ ಇಡಬಾರದೇನೋ?" ಎಂದ. ಅದನ್ನೂ ನೋಡಿದೆ. ಏಳಕ್ಕೆ ನನ್ನ ಬಾಕಿ 120ರ 0.65 ಪಾಲು, ಅಂದರೆ 78 ಅಂಕ. ಹತ್ತಕ್ಕೆ ಹತ್ತು ಪಡೆದ ಪ್ರತಿ ಕ್ರೆಡಿಟ್ಟೂ ಏಳನ್ನು ಮೀರಿ 3 ಅಂಕ ತೀರಿಸುತ್ತದೆ; ಹಾಗಾಗಿ 26 ಕ್ರೆಡಿಟ್ ಬೇಕು. ಎಂಟರ ದರ್ಜೆಯಾದರೆ ಒಂದೊಂದೇ ಅಂಕ ತೀರುವುದರಿಂದ 78 ಕ್ರೆಡಿಟ್! ನನ್ನಲ್ಲಿ ಉಳಿದಿರುವುದು 24. ಎಲ್ಲದರಲ್ಲಿಯೂ ಹತ್ತು ಬಂದರೂ 6.96ಕ್ಕಿಂತ ಮೇಲೆ ಹೋಗಲಾರೆ. ಇದೇ ಲೆಕ್ಕವನ್ನು ಮೂರನೆಯ ಸೆಮಿಸ್ಟರಿನಲ್ಲಿ ಮಾಡಿದ್ದರೆ ಬಾಕಿಯೂ ಕಿರಿದಾಗಿರುತ್ತಿತ್ತು, ತೀರಿಸಲು ಕ್ರೆಡಿಟ್‌ಗಳೂ ಹೆಚ್ಚಾಗಿರುತ್ತಿದ್ದವು. ಈಗ ಮೂರು ಕ್ರೆಡಿಟ್ಟಿನ ಆ ಎರಡು ಪತ್ರಿಕೆಗಳ ಟಿಪ್ಪಣಿಗಳನ್ನು ಮೊದಲು ತೆಗೆದಿಟ್ಟಿದ್ದೇನೆ.