ಹೆಸರು ಬದಲಾಗಿಲ್ಲ, ಸ್ಪೆಲಿಂಗ್ ತಪ್ಪಿದೆ

ಶೈಲಜಾ ಎಂಬ ಹೆಸರನ್ನು ಕನ್ನಡದಲ್ಲಿ ಬರೆಯುವಾಗ ಯಾರಿಗೂ ಅನುಮಾನ ಬರುವುದಿಲ್ಲ. ಅದೇ ಹೆಸರು ಇಂಗ್ಲಿಷ್ ಅಕ್ಷರಕ್ಕೆ ಬಂದ ಕೂಡಲೇ SHAILAJA ಎಂದು ಒಬ್ಬರು, SHYLAJA ಎಂದು ಇನ್ನೊಬ್ಬರು ಬರೆಯುತ್ತಾರೆ. ನಮ್ಮಲ್ಲಿ ಗೀತಾ GEETHA ಆದರೆ ಉತ್ತರ ಭಾರತದಲ್ಲಿ GEETA. ಮೈಸೂರಿನ LAKSHMI ಧಾರವಾಡದ ಕಡೆ LAXMI ಆಗಿರುವುದು ಸಾಮಾನ್ಯ. ಯಾವುದೂ ತಪ್ಪಲ್ಲ. ಆದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಕೂತಿತೆಂದರೆ ಆ ವ್ಯಕ್ತಿಯ ಮಟ್ಟಿಗೆ ಮುಂದೆ ಅದೊಂದೇ ಸರಿ.

ವಿಶ್ವವಿದ್ಯಾಲಯದ ಗ್ರಂಥಾಲಯವೊಂದರಲ್ಲಿ ಪಿಎಚ್‌.ಡಿ. ಪ್ರಬಂಧಗಳ ಸಾಫ್ಟ್ ಕಾಪಿ ನೋಡಿಕೊಳ್ಳುತ್ತಿದ್ದಾಗ ನನ್ನ ಮೇಜಿಗೆ ಬಂದ ಅರ್ಜಿಯೊಂದು ಈ ವಿಷಯಕ್ಕೆ ಸಂಬಂಧಿಸಿದ್ದು. ಆಕೆಯ ಹೆಸರನ್ನು ಇಲ್ಲಿ ಶೈಲಜಾ ಎಂದು ಬದಲಿಸಿಕೊಂಡಿದ್ದೇನೆ. ಅಂಕಪಟ್ಟಿ, ಎಂ.ಎ. ಪದವಿಪತ್ರ, ಪಿಎಚ್‌.ಡಿ. ನೋಂದಣಿ ಪತ್ರ, ಪದವಿಯ ಅಧಿಸೂಚನೆ ಎಲ್ಲದರಲ್ಲೂ SHAILAJA. ಪ್ರಬಂಧದ ಶೀರ್ಷಿಕೆ ಪುಟದಲ್ಲಿ ಮಾತ್ರ SHYLAJA. ಇನ್ನೂರೆಂಬತ್ತು ಪುಟಗಳ ಕರಡನ್ನು ಮೂರು ಸಲ ತಿದ್ದಿದ ಹುಡುಗಿ ಮುಖಪುಟವನ್ನು ಓದಿರಲಿಲ್ಲ. ಅದನ್ನು ಡಿಟಿಪಿ ಅಂಗಡಿಯವರು ಬೈಂಡಿಂಗಿಗೆ ಮೊದಲು ಬೇರೆಯಾಗಿ ಟೈಪ್ ಮಾಡಿದ್ದರು. ದೊಡ್ಡಕ್ಷರದಲ್ಲಿರುವ ಸ್ವಂತ ಹೆಸರನ್ನು ಯಾರೂ ಅಕ್ಷರ ಅಕ್ಷರ ಓದುವುದಿಲ್ಲ, ನೋಡಿ ಮುಂದೆ ಹೋಗುತ್ತಾರೆ.

ಕಾಲೇಜೊಂದರ ಸಂದರ್ಶನದಲ್ಲಿ ದಾಖಲೆ ಪರಿಶೀಲಿಸುವವರು ಶೋಧಗಂಗಾ ತೆರೆದು ಆಕೆಯ ಹೆಸರು ಹುಡುಕಿದಾಗ ಪ್ರಬಂಧ ಸಿಗಲಿಲ್ಲ. ತಪ್ಪು ಗೊತ್ತಾದದ್ದು ಆಗ. ಶೋಧಗಂಗಾ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಒಂದೆಡೆ ಇಡುವ ಭಂಡಾರ; ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅದನ್ನು ನಡೆಸುತ್ತದೆ. ಯುಜಿಸಿಯ 2009ರ ನಿಯಮಾವಳಿಯಿಂದ ಈಚೆಗೆ ಪ್ರಬಂಧದ ವಿದ್ಯುನ್ಮಾನ ಪ್ರತಿ ಕೊಡಬೇಕೆಂಬ ಕಟ್ಟಳೆ ಇದೆ, 2022ರ ನಿಯಮಾವಳಿಯಲ್ಲೂ ಅದು ಮುಂದುವರಿದಿದೆ. ಅಲ್ಲಿ ಪ್ರತಿ ಪ್ರಬಂಧಕ್ಕೂ ಒಂದು ವಿವರ ಪುಟವಿದ್ದು, ಶೀರ್ಷಿಕೆ, ಸಂಶೋಧಕರು, ಮಾರ್ಗದರ್ಶಕರು, ವಿಶ್ವವಿದ್ಯಾಲಯ ಎಂಬ ಖಾನೆಗಳಿರುತ್ತವೆ. ಗ್ರಂಥಾಲಯದ ಸಿಬ್ಬಂದಿ ಆ ಖಾನೆ ತುಂಬುವುದು ಶೀರ್ಷಿಕೆ ಪುಟ ನೋಡಿಕೊಂಡು. ಪುಟದಲ್ಲಿ SHYLAJA ಇದ್ದರೆ ಖಾನೆಯಲ್ಲೂ ಅದೇ. ಹುಡುಕುವ ಯಂತ್ರಕ್ಕೆ ಉಚ್ಚಾರಣೆ ಗೊತ್ತಿಲ್ಲ. ಕಿವಿಗೆ ಒಂದೇ ಆಗಿ ಕೇಳುವ ಎರಡು ಹೆಸರು ಅದಕ್ಕೆ ಇಬ್ಬರು ಬೇರೆ ಬೇರೆ ಮನುಷ್ಯರು.

ಆಕೆಯ ಮೊದಲ ಅರ್ಜಿಯಲ್ಲಿ ಇದ್ದದ್ದು ಒಂದೇ ಸಾಲು: ‘ನನ್ನ ಹೆಸರನ್ನು ಸರಿಪಡಿಸಿಕೊಡಬೇಕೆಂದು ಕೋರುತ್ತೇನೆ.’ ಅದು ಹೋಗಿ ಕೂತದ್ದು ಹೆಸರು ಬದಲಾವಣೆಯ ಮೇಜಿನಲ್ಲಿ. ವಿಷಯ ನಿರ್ವಾಹಕರು ತಮ್ಮ ಪಟ್ಟಿ ಓದಿ ಹೇಳಿದರು: “ಅಫಿಡವಿಟ್ ಬೇಕು ಮೇಡಂ. ಪೇಪರ್ ಪ್ರಕಟಣೆ ಬೇಕು. ಗೆಜೆಟ್ ಕಾಪಿ ಬೇಕು.”

“ಸರ್, ನನ್ನ ಹೆಸರು ಬದಲಾಗಿಲ್ಲ. ಅಲ್ಲಿ ಟೈಪ್ ಆಗಿರೋದು ತಪ್ಪು.”

“ಅದನ್ನ ಅರ್ಜೀಲಿ ಬರೀಬೇಕಲ್ವಾ? ನೀವು ಬರೆದಿರೋದಕ್ಕೆ ನಾನು ಟಿಪ್ಪಣಿ ಹಾಕೋದು.”

ಅವರು ಹೇಳಿದ್ದು ನಿಜ. ಕಚೇರಿಯಲ್ಲಿ ಹೆಸರು ಬದಲಾವಣೆ ಬೇರೆ, ಬರವಣಿಗೆಯ ದೋಷ ಬೇರೆ. ಮೊದಲನೆಯದರಲ್ಲಿ ಮೂಲ ದಾಖಲೆಯೇ ಬದಲಾಗಬೇಕು, ಅದಕ್ಕೆ ಕಾನೂನಿನ ಪುರಾವೆ ಕೇಳುತ್ತಾರೆ. ಎರಡನೆಯದರಲ್ಲಿ ಮೂಲ ದಾಖಲೆ ಸರಿಯಾಗಿಯೇ ಇದೆ, ಅದನ್ನು ನೋಡಿ ಬರೆದ ಒಂದು ಕಡೆ ಕೈ ತಪ್ಪಿದೆ. ಅರ್ಜಿ ಅಸ್ಪಷ್ಟವಾಗಿದ್ದರೆ ತಿಂಗಳುಗಟ್ಟಲೆ ತಡವಾಗುವುದಷ್ಟೇ ಅಲ್ಲ, ಇನ್ನೊಂದು ಅಪಾಯವೂ ಇದೆ. ‘ಪ್ರಬಂಧದಲ್ಲಿ SHYLAJA, ಅಧಿಸೂಚನೆಯಲ್ಲಿ SHAILAJA, ವ್ಯತ್ಯಾಸವಿದೆ’ ಎಂದು ಟಿಪ್ಪಣಿ ಬಂದರೆ, ಯಾರೋ ಸರಿಯಿದ್ದ ಅಧಿಸೂಚನೆಯನ್ನೇ ತಪ್ಪಿಗೆ ಹೊಂದಿಸಲು ಹೊರಡಬಹುದು. ಅದಕ್ಕೇ ಇಂಥ ಅರ್ಜಿಯಲ್ಲಿ ಏನನ್ನು ಮುಟ್ಟಬಾರದು ಎಂಬ ಸಾಲು, ಏನನ್ನು ತಿದ್ದಬೇಕು ಎಂಬ ಸಾಲಿನಷ್ಟೇ ಮುಖ್ಯ.

ಎರಡನೇ ಸಲ ಬರೆಯುವ ಮೊದಲು ಆಕೆಯೂ ನಾನೂ ಕೂತು ಕಡತವನ್ನು ಪೂರ್ತಿ ನೋಡಿದೆವು. ಶೋಧಗಂಗೆಗೆ ಪ್ರಬಂಧ ಒಂದೇ ಪಿಡಿಎಫ್ ಆಗಿ ಹೋಗುವುದಿಲ್ಲ, ತುಂಡು ತುಂಡಾಗಿ ಹೋಗುತ್ತದೆ. 01_title.pdf ಶೀರ್ಷಿಕೆ ಪುಟ. ಘೋಷಣೆ, ಮಾರ್ಗದರ್ಶಕರ ಪ್ರಮಾಣಪತ್ರ ಮುಂತಾದ ಆರಂಭದ ಹಾಳೆಗಳು 02_prelim pages.pdf ಒಳಗೆ. ಆಮೇಲೆ ಅಧ್ಯಾಯಗಳು. ಕೊನೆಯಲ್ಲಿ 80_recommendation.pdf ಎಂಬ ಒಂದು ಫೈಲ್. ಹಲವು ಪ್ರಬಂಧಗಳಲ್ಲಿ ಇದರೊಳಗೆ ಶೀರ್ಷಿಕೆ ಪುಟದ ಇನ್ನೊಂದು ನಕಲು ಮತ್ತು ಉಪಸಂಹಾರ ಸೇರಿರುತ್ತವೆ. ತಿದ್ದಿಸಿಕೊಳ್ಳುವವರು ಹೆಚ್ಚಾಗಿ ಮರೆಯುವುದು ಇದನ್ನೇ. ಶೈಲಜಾ ಪ್ರಬಂಧದಲ್ಲಿ ತಪ್ಪು ಇದ್ದದ್ದು ಮೂರು ಕಡೆ: ಶೀರ್ಷಿಕೆ ಪುಟ, ಕೊನೆಯ ಫೈಲಿನಲ್ಲಿದ್ದ ಅದರ ನಕಲು ಮತ್ತು ಮಾರ್ಗದರ್ಶಕರ ಪ್ರಮಾಣಪತ್ರ. ಆಕೆಯ ಸ್ವಂತ ಘೋಷಣೆಯಲ್ಲಿ ಹೆಸರು ಸರಿಯಿತ್ತು. ಇವುಗಳ ಜೊತೆಗೆ ಶೋಧಗಂಗೆಯ ವಿವರ ಪುಟದ ಒಂದು ಖಾನೆ.

ಹುಡುಕುವಾಗ ಒಂದು ಎಚ್ಚರ ಬೇಕು. ಕನ್ನಡ ಪ್ರಬಂಧಗಳು ಬಹಳ ಕಾಲ ನುಡಿಯ ಹಳೆಯ ಫಾಂಟಿನಲ್ಲಿ ತಯಾರಾದವು. ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಇರುವ ಅಕ್ಷರಗಳು ಬೇರೆ. ‘ಕನ್ನಡ’ ಎಂಬ ಪದವನ್ನು ಅಲ್ಲಿಂದ ಕಾಪಿ ಮಾಡಿದರೆ PÀ£ÀßqÀ ಎಂದು ಬರುತ್ತದೆ. ಅಂಥ ಫೈಲಿನಲ್ಲಿ Ctrl+F ಒತ್ತಿ ಯೂನಿಕೋಡ್ ಕನ್ನಡದಲ್ಲಿ ಹೆಸರು ಹೊಡೆದರೆ ‘ಸಿಗಲಿಲ್ಲ’ ಎನ್ನುತ್ತದೆ. ಸ್ಕ್ಯಾನ್ ಮಾಡಿದ ಸಹಿ ಪುಟ ಬರೀ ಚಿತ್ರ, ಅಲ್ಲೂ ಹುಡುಕಾಟ ನಡೆಯುವುದಿಲ್ಲ. ಸಿಗಲಿಲ್ಲ ಎಂದರೆ ತಪ್ಪಿಲ್ಲ ಎಂದಲ್ಲ. ಆರಂಭದ ಹಾಳೆಗಳನ್ನು ಬೆರಳಿಟ್ಟು ಓದುವುದೇ ದಾರಿ.

ತಿದ್ದುವ ಕೆಲಸ ಸುಲಭವೆಂದುಕೊಂಡು ಕೆಲವರು ಹಳೆಯ ವರ್ಡ್ ಫೈಲ್ ತೆರೆದು, Replace All ಒತ್ತಿ, ಹೊಸದಾಗಿ ಇಡೀ ಪಿಡಿಎಫ್ ಮಾಡಿ ಕಳಿಸುತ್ತಾರೆ. ಇದು ಬೇಡ. ಶೈಲಜಾಳ ಗ್ರಂಥಸೂಚಿಯಲ್ಲಿ Shylaja ಎಂಬ ಬೇರೊಬ್ಬ ಲೇಖಕಿಯ ಪುಸ್ತಕವಿತ್ತು. ಒಂದೇ ಏಟಿಗೆ ಆಕೆಯ ಹೆಸರೂ ‘ಸರಿ’ ಆಗಿಬಿಡುತ್ತಿತ್ತು. ಅವರ ಹೆಸರು ಅವರ ಪುಸ್ತಕದ ಮೇಲೆ ಅಚ್ಚಾದಂತೆಯೇ ಇರಬೇಕು. ಬೇರೆ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಸಾಲುಗಳು ಸರಿದು ಪುಟಸಂಖ್ಯೆ ಬದಲಾಗುತ್ತದೆ, ಪರಿವಿಡಿಗೂ ಅಧ್ಯಾಯಕ್ಕೂ ತಾಳೆಯಾಗುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ಪರೀಕ್ಷಕರು ಒಪ್ಪಿದ್ದು ಹಳೆಯ ಪಠ್ಯವನ್ನು. ಇಡೀ ಪ್ರಬಂಧ ಹೊಸದಾಗಿ ಬಂದರೆ, ಸ್ಪೆಲಿಂಗಿನ ನೆಪದಲ್ಲಿ ಒಳಗೆ ಇನ್ನೇನಾದರೂ ತಿದ್ದಿದ್ದಾರೆಯೇ ಎಂದು ಕಚೇರಿ ಕೇಳಲೇಬೇಕಾಗುತ್ತದೆ. ಆ ಪ್ರಶ್ನೆಗೆ ಉತ್ತರಿಸಲು ಯಾರಾದರೂ ಇನ್ನೂರೆಂಬತ್ತು ಪುಟ ಹೋಲಿಸಿ ನೋಡಬೇಕು. ತಪ್ಪಿರುವ ಹಾಳೆ ಮಾತ್ರ ಕೊಟ್ಟರೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಸಹಿ ಇರುವ ಹಾಳೆಯ ಮಾತು ಬೇರೆ. ಶೀರ್ಷಿಕೆ ಪುಟದಲ್ಲಿ ಸಹಿಯಿಲ್ಲ, ಹೊಸ ಹಾಳೆ ಸಾಕು. ಪ್ರಮಾಣಪತ್ರದಲ್ಲಿ ಮಾರ್ಗದರ್ಶಕರು ‘ಇಂಥವರ ಕೆಲಸ ಇದು’ ಎಂದು ಹೇಳಿ ಸಹಿ ಹಾಕಿದ್ದಾರೆ. ಹೆಸರು ತಿದ್ದಿ ಹಳೆಯ ಸಹಿಯ ಚಿತ್ರವನ್ನು ಕೆಳಗೆ ಅಂಟಿಸಿದರೆ, ಅವರು ನೋಡದ ಹಾಳೆಗೆ ಅವರ ಸಹಿ ಬಂದಂತಾಯಿತು. ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಅದು ಸುಳ್ಳು ದಾಖಲೆ. ಶೈಲಜಾ ಹೊಸ ಹಾಳೆ ಮುದ್ರಿಸಿಕೊಂಡು ಮಾರ್ಗದರ್ಶಕರ ಮನೆಗೆ ಹೋದಳು. ಅವರು ಕನ್ನಡಕ ಏರಿಸಿ ಎರಡೂ ಹಾಳೆ ಪಕ್ಕಪಕ್ಕ ಇಟ್ಟು ಓದಿ, ಆ ದಿನದ ತಾರೀಖಿನಲ್ಲಿ ಸಹಿ ಮಾಡಿದರು. ಹಿಂದಿನ ತಾರೀಖು ಹಾಕಲು ಅವರು ಒಪ್ಪಲಿಲ್ಲ, ಅದು ಸರಿಯಾದದ್ದೇ. ಹಳೆಯ ಹಾಳೆಯನ್ನು ಹರಿಯದೆ ಕಡತದಲ್ಲೇ ಉಳಿಸಿದೆವು.

ಆಮೇಲೆ ಬರೆದ ಅರ್ಜಿ ಹೀಗಿತ್ತು. ಮೇಲೆ ಕುಲಸಚಿವರು (ಮೌಲ್ಯಮಾಪನ) ಇವರಿಗೆ, ಅದರ ಕೆಳಗೆ ‘ಮೂಲಕ: ಮಾರ್ಗದರ್ಶಕರು ಮತ್ತು ವಿಭಾಗದ ಮುಖ್ಯಸ್ಥರು’.

‘ಮಾನ್ಯರೆ,

ವಿಷಯ: ಪಿಎಚ್‌.ಡಿ. ಪ್ರಬಂಧದ ಸಾಫ್ಟ್ ಕಾಪಿಯಲ್ಲಿ ಮಾತ್ರ ನನ್ನ ಹೆಸರಿನ ಸ್ಪೆಲಿಂಗ್ ತಿದ್ದುಪಡಿ ಕುರಿತು.

ಉಲ್ಲೇಖ: ನನ್ನ ನೋಂದಣಿ ಪತ್ರ ಮತ್ತು ಪದವಿ ಅಧಿಸೂಚನೆ (ಪ್ರತಿ ಲಗತ್ತಿಸಿದೆ).

ನನ್ನ ಪ್ರಬಂಧದ ಶೀರ್ಷಿಕೆ ಪುಟದಲ್ಲಿ, 80_recommendation.pdf ಫೈಲಿನಲ್ಲಿರುವ ಅದರ ನಕಲಿನಲ್ಲಿ ಹಾಗೂ ಮಾರ್ಗದರ್ಶಕರ ಪ್ರಮಾಣಪತ್ರದಲ್ಲಿ ನನ್ನ ಹೆಸರು ಟೈಪಿಂಗ್ ದೋಷದಿಂದ SHYLAJA ಎಂದು ಬಂದಿದೆ. ಅದು SHAILAJA ಎಂದಿರಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ನೋಂದಣಿ ಪತ್ರ ಮತ್ತು ಅಧಿಸೂಚನೆಯಲ್ಲಿ ಹೆಸರು ಸರಿಯಾಗಿದ್ದು, ಅವುಗಳಲ್ಲಿ ಯಾವುದೇ ಬದಲಾವಣೆ ಕೋರುತ್ತಿಲ್ಲ. ಪ್ರಬಂಧದ ಪಠ್ಯ, ಪುಟಸಂಖ್ಯೆ, ಗ್ರಂಥಸೂಚಿ ಯಾವುದೂ ಬದಲಾಗುವುದಿಲ್ಲ. ತಿದ್ದಿದ ಹಾಳೆಗಳನ್ನು ಮಾತ್ರ ಲಗತ್ತಿಸಿದ್ದೇನೆ. ಇವುಗಳನ್ನು ಸೇರಿಸಿ, ಶೋಧಗಂಗೆಯ ಸಂಶೋಧಕರ ಹೆಸರಿನ ಖಾನೆಯನ್ನೂ ಸರಿಪಡಿಸಲು ಗ್ರಂಥಪಾಲಕರಿಗೆ ಸೂಚಿಸಬೇಕೆಂದು ಕೋರುತ್ತೇನೆ.’

ಇದನ್ನು ಟಪಾಲಿಗೆ ಕೊಟ್ಟು, ನಕಲಿನ ಮೇಲೆ ಇನ್‌ವರ್ಡ್ ನಂಬರ್ ಮತ್ತು ಮೊಹರು ಹಾಕಿಸಿಕೊಂಡಳು. ಮುಂದೆ ವಿಚಾರಿಸಲು ಹೋದಾಗ ಆ ಸಂಖ್ಯೆಯೇ ಆಧಾರ. ಈ ಸಲ ಅರ್ಜಿ ಹೆಸರು ಬದಲಾವಣೆಯ ಮೇಜಿಗೆ ಹೋಗಲಿಲ್ಲ. ಅದೇ ವಿಷಯ ನಿರ್ವಾಹಕರು ಅಂಕಪಟ್ಟಿ, ಅಧಿಸೂಚನೆ ಎರಡನ್ನೂ ತಾಳೆ ನೋಡಿ ನಾಲ್ಕು ಸಾಲಿನ ಟಿಪ್ಪಣಿ ಬರೆದರು. ಅನುಮೋದನೆಯಾಗಿ ಗ್ರಂಥಾಲಯಕ್ಕೆ ಪತ್ರ ಬಂತು.

ಶೋಧಗಂಗೆಗೆ ಏರಿದ ಫೈಲನ್ನು ಸಂಶೋಧಕರು ತಾವೇ ಬದಲಿಸುವಂತಿಲ್ಲ. ವಿಶ್ವವಿದ್ಯಾಲಯದ ಪರವಾಗಿ ಆ ಕೆಲಸ ನೋಡುವ ಸಂಯೋಜಕರ ಮೂಲಕವೇ ಆಗಬೇಕು. ನಾವು ಮೂರು ಫೈಲ್ ಹೊಸದಾಗಿ ಕಟ್ಟಿದೆವು. ಕಟ್ಟುವ ಮೊದಲು ಪಿಡಿಎಫ್‌ನ File, Properties ತೆರೆದು Author ಎಂಬ ಖಾನೆಯನ್ನೂ ನೋಡಿದೆವು. ವರ್ಡ್ ಫೈಲಿನಿಂದ ತಯಾರಾದ ಪಿಡಿಎಫ್‌ಗೆ ಆ ಖಾನೆಯಲ್ಲಿ ಮೂಲ ಕಂಪ್ಯೂಟರಿನ ಬಳಕೆದಾರರ ಹೆಸರು ತಾನಾಗಿ ಬಂದು ಕೂರುತ್ತದೆ. ಇಲ್ಲಿ Admin ಎಂದಿತ್ತು. ಅದನ್ನೂ SHAILAJA ಮಾಡಿದೆವು. ಪ್ರಬಂಧದ ಕೊಂಡಿ ಹಳೆಯದೇ ಉಳಿಯಿತು, ಹಾಗಾಗಿ ಆಕೆ ಈ ಮೊದಲು ಎಲ್ಲೆಲ್ಲಿ ಕೊಂಡಿ ಕೊಟ್ಟಿದ್ದಳೋ ಅಲ್ಲಿ ಏನೂ ತೊಂದರೆಯಾಗಲಿಲ್ಲ. ಹಿಂದೆಯೇ ಇಳಿಸಿಕೊಂಡವರ ಬಳಿ ಇರುವ ಹಳೆಯ ಪ್ರತಿಗೆ ಮಾತ್ರ ಯಾರೂ ಏನೂ ಮಾಡಲಾಗದು.

ಇನ್ನು ಉಳಿದದ್ದು ಗ್ರಂಥಾಲಯದ ಕಪಾಟಿನಲ್ಲಿದ್ದ ಕಪ್ಪು ರೆಕ್ಸಿನ್ ಬೈಂಡಿನ ಪ್ರತಿ. ಅರ್ಜಿ ಸಾಫ್ಟ್ ಕಾಪಿಗೆ ಮಾತ್ರ ಆಗಿದ್ದರಿಂದ ನಾವು ಅದನ್ನು ಬಿಚ್ಚಲಿಲ್ಲ, ಹಾಳೆ ಬದಲಿಸಲಿಲ್ಲ. ಬೆನ್ನಿನ ಮೇಲೆ ಚಿನ್ನದ ಬಣ್ಣದಲ್ಲಿ ಇವತ್ತಿಗೂ SHYLAJA ಎಂದೇ ಇದೆ.

ಶೈಲಜಾ ಒಂದು ವಾರ ಬಿಟ್ಟು ಬಂದಳು. ನನ್ನ ಕಂಪ್ಯೂಟರ್ ಬೇಡ ಎಂದು ತನ್ನ ಮೊಬೈಲಿನಲ್ಲೇ ಶೋಧಗಂಗಾ ತೆರೆದಳು. ಮೊದಲು ತಪ್ಪು ಸ್ಪೆಲಿಂಗ್ ಹಾಕಿ ಹುಡುಕಿದಳು, ಆ ಇನ್ನೊಬ್ಬ ಶೈಲಜಾಳ ಪ್ರಬಂಧ ಬಂತು. ಆಮೇಲೆ ತನ್ನದು ಹಾಕಿದಳು. ಬಂದ ಪುಟದಿಂದ ಮೂರೂ ಫೈಲ್ ಇಳಿಸಿಕೊಂಡು, ಹೆಸರನ್ನು ಎಸ್, ಎಚ್, ಎ, ಐ ಎಂದು ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಂಡು ಓದಿದಳು.